ನಡುರಾತ್ರಿಯ ಚಿತ್ರಕ್ಕೆ ಎರಡು ಸರದಿ

ಊರೆಲ್ಲ ಮಲಗಿರುವ ಹೊತ್ತಿನಲ್ಲಿ ನಾನು ಬೆಂಗಳೂರಿನ ಒಂದು ಮಬ್ಬುಗತ್ತಲೆಯ ಕೋಣೆಯಲ್ಲಿ ಕುಳಿತು, ನಾನೆಂದೂ ಕಾಣದ ರೋಗಿಗಳ ಮಿದುಳು, ಎದೆ, ಹೊಟ್ಟೆಗಳ ಚಿತ್ರಗಳನ್ನು ಓದುತ್ತಿರುತ್ತೇನೆ. ಕ್ಷಕಿರಣ ತಜ್ಞನ ಈ ಬಗೆಯ ವೃತ್ತಿಗೆ ಟೆಲಿರೇಡಿಯಾಲಜಿ ಎಂದು ಹೆಸರು. ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಸಿ.ಟಿ. ಯಂತ್ರವಿರುತ್ತದೆ, ಅದನ್ನು ನಡೆಸುವ ತಂತ್ರಜ್ಞನೂ ಇರುತ್ತಾನೆ. ಚಿತ್ರವನ್ನು ಓದಿ ಹೇಳಬಲ್ಲ ತಜ್ಞ ಮಾತ್ರ ರಾತ್ರಿಯಲ್ಲಿ ಇರುವುದಿಲ್ಲ. ಆ ಕೊರತೆಯನ್ನು ದೂರದಿಂದ ತುಂಬುವುದು ನನ್ನ ಕೆಲಸ.

ನಮ್ಮಿಬ್ಬರ ನಡುವಣ ಸೇತುವೆಯೇ ಪ್ಯಾಕ್ಸ್, ಎಂದರೆ ಚಿತ್ರಗಳನ್ನು ಕಾಪಿಟ್ಟು, ಬೇಕಾದಲ್ಲಿಗೆ ರವಾನಿಸುವ ಗಣಕದ ಏರ್ಪಾಡು. ಬಂದ ಚಿತ್ರಗಳು ನನ್ನ ಪರದೆಯ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಆಸ್ಪತ್ರೆಯವರು STAT ಎಂದು ಗುರುತಿಸಿದ್ದು ಕೆಂಪಾಗಿ ತುದಿಗೇರುತ್ತದೆ. ಉಳಿದವು ಬಂದ ಕ್ರಮದಲ್ಲಿ ಕಾಯುತ್ತವೆ. ತುರ್ತಿನ ವ್ಯವಸ್ಥೆ ಇಷ್ಟೇ ಎಂದು ನಾನೂ ಬಹುಕಾಲ ನಂಬಿದ್ದೆ. ನನ್ನ ಕಣ್ಣು ತೆರೆಸಿದ್ದು ಮಲೆನಾಡಿನ ಒಂದು ಪಟ್ಟಣದಿಂದ ಬಂದ ದೂರವಾಣಿ ಕರೆ.

ಅಂದು ರಾತ್ರಿ 11-30ಕ್ಕೆ ಊಟ ಮುಗಿಸಿ ಎದ್ದ ಒಬ್ಬ ಅಡಿಕೆ ಬೆಳೆಗಾರರ ಮಾತು ತೊದಲಿ, ಬಲಗೈ ಸೋತಿತು. ಹೆಪ್ಪುಗಟ್ಟಿದ ರಕ್ತದಿಂದ ಪಾರ್ಶ್ವವಾಯು ಆಗಿದ್ದರೆ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅಂದರೆ ಬೆಳಗಿನ ಜಾವ 4ರೊಳಗೆ. ಅದರಲ್ಲಿಯೂ ಬೇಗ ಕೊಟ್ಟಷ್ಟೂ ಒಳಿತು. ಆದರೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಮದ್ದು ಪ್ರಾಣ ತೆಗೆದೀತು. ಎರಡರಲ್ಲಿ ಯಾವುದೆಂದು ಸಿ.ಟಿ. ಹೇಳಬೇಕು. 1-40ಕ್ಕೆ ತಂತ್ರಜ್ಞ ಚಿತ್ರ ತೆಗೆದು, STAT ಗುರುತು ಹಾಕಿ ಕಳುಹಿಸಿದ. 1-52ಕ್ಕೆ ಕರೆ ಬಂತು: “ಸಾರ್, ಸ್ಟ್ರೋಕ್ ಕೇಸು ನೋಡಿದಿರಾ?”

ನನ್ನ ಪಟ್ಟಿಯಲ್ಲಿ ಅಂಥ ಹೆಸರೇ ಇರಲಿಲ್ಲ.

ಚಿತ್ರ ಎಲ್ಲಿತ್ತು? ಆಸ್ಪತ್ರೆಯ ಗಣಕದಲ್ಲಿಯೇ, ಹೊರಡುವ ಸಾಲಿನಲ್ಲಿ. ಅದರ ಮುಂದೆ ಹಿಂದಿನ ದಿನದ ಎರಡು ಹೊಟ್ಟೆಯ ಸ್ಕ್ಯಾನ್‌ಗಳಿದ್ದವು. ಅವುಗಳಿಗೆ ಅವಸರವೇನೂ ಇರಲಿಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸಿ.ಟಿ.ಯ ಒಂದು ಪದರದ ಚಿತ್ರ ಸುಮಾರು ಅರ್ಧ ಮೆಗಾಬೈಟ್. ಮಿದುಳಿನ 5 ಮಿಲಿಮೀಟರ್ ದಪ್ಪದ 30 ಪದರಗಳು 15 ಮೆಗಾಬೈಟ್ ಆದರೆ, ತೆಳುವಾಗಿ ಕೊಯ್ದ ಹೊಟ್ಟೆಯ 1,200 ಪದರಗಳು 600 ಆಗುತ್ತವೆ. ಆ ಊರಿನ ತಂತಿ ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಹೊರಕಳುಹಿಸುತ್ತಿತ್ತು. ಆ ವೇಗದಲ್ಲಿ ಮಿದುಳಿಗೆ ಒಂದು ನಿಮಿಷ ಸಾಕು. ಒಂದೊಂದು ಹೊಟ್ಟೆಗೆ 40 ನಿಮಿಷ. 1-30ಕ್ಕೆ ಹೊರಟಿದ್ದ ಆ ಎರಡೂ ಮುಗಿಯುವಾಗ 2-50 ಆಗುತ್ತಿತ್ತು. ಲಕೋಟೆಯ ಮೇಲೆ ‘ತುರ್ತು’ ಎಂದು ಬರೆದು, ಅದನ್ನು ಅಂಚೆಚೀಲದ ತಳಕ್ಕೆ ಹಾಕಿದಂತಾಗಿತ್ತು. ನನ್ನ ಪಟ್ಟಿ ಎಷ್ಟು ಜಾಣತನದಿಂದ ವಿಂಗಡಿಸಿದರೂ, ಬಂದು ಮುಟ್ಟದುದನ್ನು ವಿಂಗಡಿಸಲಾರದು.

ತಂತ್ರಜ್ಞ ಹೊಟ್ಟೆಯ ರವಾನೆಗಳನ್ನು ತಡೆದು ಮಿದುಳನ್ನು ಬಿಟ್ಟ. 1-54ಕ್ಕೆ ಬಂತು. “ಎಷ್ಟು ಕಳುಹಿಸಿದಿರಿ?” ಎಂದು ಕೇಳಿದೆ. “ಮೂವತ್ತು.” ನನ್ನಲ್ಲಿಯೂ ಮೂವತ್ತಿದ್ದವು. ಇದು ಔಪಚಾರಿಕತೆಯಲ್ಲ. ರವಾನೆ ನಡುವೆ ಕಡಿದರೆ ನಾಲ್ಕು ಪದರ ಕಡಿಮೆಯಾದ ಮಿದುಳೂ ಪರದೆಯ ಮೇಲೆ ಪೂರ್ಣವೆಂಬಂತೆ ತೋರೀತು. ರಕ್ತ ಆ ನಾಲ್ಕರಲ್ಲಿಯೇ ಇರಬಹುದು. ಹೆಸರು, ವಯಸ್ಸು, ಯಾವ ಕೈ ಸೋತಿದೆ ಎಂಬುದನ್ನೂ ಹೊಂದಿಸಿ ನೋಡಿದೆ. ಹೊಸ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುತ್ತದೆ, ಎಲ್ಲಿಯೂ ಇರಲಿಲ್ಲ. 2-02ಕ್ಕೆ ಅಲ್ಲಿನ ಕರ್ತವ್ಯನಿರತ ವೈದ್ಯರಿಗೆ ನಾನೇ ಕರೆ ಮಾಡಿ, “ರಕ್ತಸ್ರಾವ ಇಲ್ಲ” ಎಂದೆ. ಅವರು ಅದನ್ನು ತಿರುಗಿ ಹೇಳಿ ಖಚಿತಪಡಿಸಿಕೊಂಡರು. ‘ಇದೆ’, ‘ಇಲ್ಲ’ಗಳ ನಡುವೆ ಕಿವಿ ತಪ್ಪಬಾರದಲ್ಲವೆ? ಪಾರ್ಶ್ವವಾಯು ಆಗಿಲ್ಲವೆಂದು ನಾನು ಹೇಳಲಿಲ್ಲ. ಮೊದಲ ಗಂಟೆಗಳ ಸಿ.ಟಿ. ಅದನ್ನು ಅಡಗಿಸಿಡಬಲ್ಲುದು. ಮದ್ದು ಕೊಡುವ ತೀರ್ಮಾನ ರೋಗಿಯ ಪಕ್ಕದಲ್ಲಿದ್ದವರದು. 2-15ಕ್ಕೆ ಅವರು ಕೊಟ್ಟರು.

ಮರುದಿನ ನಾವು ಎರಡು ಬದಲಾವಣೆಗಳನ್ನು ಮಾಡಿಕೊಂಡೆವು. ಮೊದಲನೆಯದು, STAT ಗುರುತು ಆಸ್ಪತ್ರೆಯ ಹೊರಡುವ ಸಾಲನ್ನೂ ಆಳಬೇಕು. ತುರ್ತಿನದು ಬಂದೊಡನೆ ಉಳಿದುದು ತಾನಾಗಿ ನಿಲ್ಲಬೇಕು. ಎರಡನೆಯದು, ಚಿತ್ರಕ್ಕಿಂತ ಮುಂಚೆ ಕೋರಿಕೆ ಬರಬೇಕು. ಕೋರಿಕೆ ನಾಲ್ಕು ಸಾಲಿನ ಬರಹ, ಕ್ಷಣದಲ್ಲಿ ಬರುತ್ತದೆ. ಈಗ ನನ್ನ ಪಟ್ಟಿಯಲ್ಲಿ ಮೊದಲು ಖಾಲಿಯ ಕೆಂಪು ಸಾಲು ಮೂಡುತ್ತದೆ. ಹತ್ತು ನಿಮಿಷದಲ್ಲಿ ಅದು ತುಂಬದಿದ್ದರೆ ನಮ್ಮ ಕಡೆಯವರೇ ಕರೆ ಮಾಡುತ್ತಾರೆ.

ಕೆಲವು ವಾರಗಳಲ್ಲಿ ಮತ್ತೊಂದು ತೊಡಕು ತಲೆಯೆತ್ತಿತು. ಕೆಂಪು ಬೇಗ ಓದಿಸುತ್ತದೆಂದು ತಿಳಿದೊಡನೆ ಹಳೆಯ ಮಂಡಿನೋವೂ ಕೆಂಪಾಗಿ ಬರತೊಡಗಿತು. ಒಂದು ರಾತ್ರಿ ಪಟ್ಟಿಯ ಹದಿನಾಲ್ಕರಲ್ಲಿ ಹನ್ನೊಂದು ಕೆಂಪು! ಎಲ್ಲವೂ ತುರ್ತಾದಾಗ ಉಳಿದದ್ದು ಬರಿಯ ಬಂದ ಕ್ರಮವೇ. ಕೊನೆಗೆ ಆ ಆಸ್ಪತ್ರೆಯ ವೈದ್ಯರೇ ಕುಳಿತು, ಯಾವ ಯಾವ ಸಂದೇಹಗಳಿಗೆ ಮಾತ್ರ ಕೆಂಪು ಎಂದು ಚಿಕ್ಕದೊಂದು ಪಟ್ಟಿ ಬರೆದು ಸಿ.ಟಿ. ಕೋಣೆಯ ಗೋಡೆಗೆ ಅಂಟಿಸಿದರು. ಪಾರ್ಶ್ವವಾಯು ಅದರಲ್ಲಿ ಮೊದಲನೆಯದು. ಈಗ ಆ ಊರಿನಿಂದ ಕೆಂಪು ಸಾಲು ಮೂಡಿದರೆ, ನಾನು ಕೈಯಲ್ಲಿರುವ ಚಹಾದ ಲೋಟವನ್ನು ಕೆಳಗಿಡುತ್ತೇನೆ.