ಗಂಡನಿಗೆ ಬರೆದ ಚೀಟಿಯಲ್ಲಿ ಸಕ್ಕರೆಯ ಮಾತೇಕೆ?

ಪ್ರಶ್ನೆ: ನಿಮಿರುವಿಕೆಯ ತೊಂದರೆ ಎಂದು ಹೋದರೆ ವೈದ್ಯರು ಸಕ್ಕರೆ, ಬಿಪಿ ಏಕೆ ನೋಡುತ್ತಾರೆ? ಹೋಗಲು ಒಪ್ಪದ ಗಂಡನಿಗೆ ಹೆಂಡತಿ ಏನೆಂದು ಬರೆಯಬಹುದು?

ಉತ್ತರ: ಐವತ್ತರ ಹತ್ತಿರದ ಗಂಡನಿಗೆ ಹೆಂಡತಿ ಹೀಗೆ ಬರೆದಳೆನ್ನಿ: ‘ರೀ, ಎದುರಿಗೆ ಹೇಳಿದರೆ ಎದ್ದು ಹೋಗುತ್ತೀರಿ, ಅದಕ್ಕೇ ಈ ಚೀಟಿ. ಆರು ತಿಂಗಳಿಂದ ಹಾಲ್‌ನಲ್ಲೇ ಮಲಗುತ್ತಿದ್ದೀರಿ. ನನಗೆ ಕೋಪವಿಲ್ಲ. ಆದರೆ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತೀರಿ, ಬಾಯಾರಿಕೆ ಬೇರೆ. ಒಮ್ಮೆ ಡಾಕ್ಟರಿಗೆ ತೋರಿಸೋಣ, ನಾನೂ ಬರುತ್ತೇನೆ.’

ಜಾಣ ಚೀಟಿ. ಗಂಡಸ್ತನದ ಸುದ್ದಿಯನ್ನೇ ಎತ್ತದೆ, ಸಕ್ಕರೆ ಕಾಯಿಲೆಯ ಲಕ್ಷಣಗಳನ್ನಷ್ಟೇ ಹೇಳಿ ಆಕೆ ಗುರಿ ಮುಟ್ಟಿದ್ದಾಳೆ.

ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳ ಅಗಲ 1–2 ಮಿಲಿಮೀಟರ್. ಹೃದಯದ ನಾಳಗಳದ್ದು 3–4. ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್, ಸಿಗರೇಟು ನಾಳಗಳನ್ನು ಕೆಡಿಸಿದಾಗ ಕಿರಿದಾದದ್ದು ಮೊದಲು ಸೋಲುತ್ತದೆ. ಎದೆನೋವಿಗೆ ಎರಡು-ಮೂರು ವರ್ಷ ಮೊದಲೇ ಈ ತೊಂದರೆ ಕಾಣಿಸಿಕೊಳ್ಳುವುದುಂಟು. ಸಕ್ಕರೆ ನರಗಳನ್ನೂ ಹಾಳುಮಾಡುತ್ತದೆ.

ಬೆಳಗಿನ ಜಾವದ ನಿಮಿರುವಿಕೆ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಅದು ಸರಿಯಾಗಿದ್ದು, ತೊಂದರೆ ದಿಢೀರನೆ ಶುರುವಾಗಿದ್ದರೆ ಆತಂಕದಂಥ ಮನಸ್ಸಿನ ಕಾರಣದತ್ತ ಅನುಮಾನ. ನಿಧಾನವಾಗಿ ಕುಂದುತ್ತ ಬಂದಿದ್ದರೆ ದೇಹದ ಕಡೆಗೆ. ಬಿಪಿ ಅಥವಾ ಖಿನ್ನತೆಯ ಕೆಲವು ಮಾತ್ರೆಗಳೂ ಕಾರಣವಾಗಬಹುದು, ಹಾಗಾಗಿ ಮಾತ್ರೆಯ ಚೀಟಿಗಳನ್ನು ಒಯ್ಯಬೇಕು.

ಮೆಡಿಕಲ್ ಶಾಪಿನಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಕೊಳ್ಳುವುದು ಮಾತ್ರ ಬೇಡ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ರಕ್ತದೊತ್ತಡವನ್ನು ಪ್ರಾಣಾಪಾಯವಾಗುವಷ್ಟು ಇಳಿಸಬಲ್ಲದು.