ಲಿಂಗಂಪಲ್ಲಿಯಲ್ಲಿ ಪ್ಲಾಟ್: ಮುಂಗಡ ಕೊಡುವ ಮೊದಲು ಈ ಕಾಗದಗಳನ್ನು ಓದಿ

ಇಲ್ಲಿ ಖಾತಾ ಕೇಳಬೇಡಿ

ಬೀದರ್, ಕಲಬುರಗಿ ಕಡೆಯವರು ನಮ್ಮಲ್ಲಿ ಪ್ಲಾಟ್ ನೋಡಲು ಬಂದರೆ ಮೊದಲು ಕೇಳುವುದು, "ಖಾತಾ ಆಗೇದೇನ್ರಿ?" ಹೈದರಾಬಾದಿನಲ್ಲಿ ನಮ್ಮ ಕಡೆಯಂತೆ ಎ ಖಾತಾ, ಬಿ ಖಾತಾ ಎಂಬುದಿಲ್ಲ. ಪಾಲಿಕೆ ಖಾಲಿ ಜಾಗಕ್ಕೆ ತೆರಿಗೆ ಹಾಕಿ ಒಂದು ನಂಬರು ಕೊಡುತ್ತದೆ. ಮಾರುವವರು ಅದರ ರಸೀದಿ ತೋರಿಸಬಹುದು. ಅದು ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಜಾಗ ಅವರದೆಂಬುದಕ್ಕೆ ಅಲ್ಲ.

ಅಳತೆಯೂ ಬೇರೆ. ಇಲ್ಲಿ ಎಲ್ಲವೂ ಗಜದ ಲೆಕ್ಕ. ಒಂದು ಗಜ ಎಂದರೆ 9 ಚದರಡಿ. ನಮ್ಮ 30×40 ಸೈಟು ಇಲ್ಲಿ 133 ಗಜ, 30×60 ಆದರೆ 200 ಗಜ.

ಊರಿನ ಹೆಸರು ಯಾವುದು?

ಏಜೆಂಟರ ಬಾಯಲ್ಲಿ 'ಲಿಂಗಂಪಲ್ಲಿ' ಬಹಳ ದೊಡ್ಡ ಊರು. ನಲ್ಲಗಂಡ್ಲ, ಗೋಪನಪಲ್ಲಿ, ಚಂದಾನಗರ, ತೆಲ್ಲಾಪುರ ಎಲ್ಲವೂ ಅದರೊಳಗೇ ಬರುತ್ತವೆ. ದಾಖಲೆಯಲ್ಲಿ ಹಾಗಿಲ್ಲ. ಮೊದಲ ಮೂರು ರಂಗಾರೆಡ್ಡಿ ಜಿಲ್ಲೆಯ ಶೇರಿಲಿಂಗಂಪಲ್ಲಿ ಮಂಡಲದ ಬೇರೆ ಬೇರೆ ಗ್ರಾಮಗಳು. ತೆಲ್ಲಾಪುರ ಸಂಗಾರೆಡ್ಡಿ ಜಿಲ್ಲೆಯ ಕಂದಾಯ ಗ್ರಾಮ. ಕ್ರಯಪತ್ರದಲ್ಲಿರುವ ಗ್ರಾಮ ಮತ್ತು ಸರ್ವೆ ನಂಬರನ್ನು ಬರೆದುಕೊಳ್ಳಿ. ಮುಂದೆ ಹುಡುಕುವುದೆಲ್ಲ ಅದರಿಂದಲೇ.

ಮಾರುವವರು ಪಟ್ಟಾದಾರ್ ಪಾಸ್‌ಬುಕ್ ತೋರಿಸಿ, "ರಿಜಿಸ್ಟ್ರೇಷನ್ ತಹಶೀಲ್ದಾರ್ ಆಫೀಸಿನಲ್ಲಿ" ಎಂದರೆ ಅಲ್ಲಿಗೇ ನಿಲ್ಲಿ. ಅಲ್ಲಿ ನೋಂದಣಿಯಾಗುವುದು ಕೃಷಿ ಜಮೀನು. ಮನೆ ಕಟ್ಟುವ ಪ್ಲಾಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಗುಂಟೆ ಲೆಕ್ಕದಲ್ಲಿ ಹೊಲ ಕೊಂಡು ಮನೆ ಕಟ್ಟುವ ಕನಸು ಕಾಣುವವರು ಸಿಕ್ಕಿಬೀಳುವುದು ಇಲ್ಲೇ.

ಇಸಿ ಎಂದರೆ ಏನು, ಎಲ್ಲಿ ಸಿಗುತ್ತದೆ?

ಇಸಿ ಎಂದರೆ ಋಣಭಾರ ಪ್ರಮಾಣಪತ್ರ. ಆ ಜಾಗದ ಮೇಲೆ ನೋಂದಣಿಯಾದ ಮಾರಾಟ, ದಾನ, ಅಡಮಾನಗಳ ಪಟ್ಟಿ. ತೆಲಂಗಾಣ ನೋಂದಣಿ ಇಲಾಖೆಯ ತಾಣ registration.telangana.gov.in. ಅಲ್ಲಿ ಲಾಗಿನ್ ಮಾಡಿಕೊಂಡರೆ 1983ರಿಂದ ಈಚಿನದನ್ನು ಮನೆಯಲ್ಲೇ ನೋಡಬಹುದು. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು.

ಎರಡು ರೀತಿಯಲ್ಲಿ ಹುಡುಕಿ. ಒಮ್ಮೆ ಕ್ರಯಪತ್ರದ ನಂಬರು ಮತ್ತು ವರ್ಷ ಹಾಕಿ. ಇನ್ನೊಮ್ಮೆ ಗ್ರಾಮ, ಸರ್ವೆ ನಂಬರ್, ಪ್ಲಾಟ್ ನಂಬರ್ ಹಾಕಿ. ಎರಡು ಸಲ ಯಾಕೆ? ನೋಂದಣಿ ದಿನ ಏನು ಬರೆಸಿದ್ದರೋ ಅದರ ಪ್ರಕಾರವೇ ಪಟ್ಟಿ ಬರುತ್ತದೆ. ಅದೇ ಜಾಗವನ್ನು ಯಾರಾದರೂ '86' ಬದಲು '86 ಪಾರ್ಟ್' ಎಂದು ಮಾರಿದ್ದರೆ, ಅಥವಾ ಮನೆ ನಂಬರಿನಿಂದ ಬರೆಸಿದ್ದರೆ, ಒಂದು ಹುಡುಕಾಟಕ್ಕೆ ಅದು ಸಿಗುವುದಿಲ್ಲ. ಸರ್ವೆ ನಂಬರಿನಿಂದ ಬಂದ ಉದ್ದ ಪಟ್ಟಿಯಲ್ಲಿ ನಿಮ್ಮ ಚಕ್ಕುಬಂದಿಗೆ ಹೊಂದುವ ಸಾಲು ಬೇರೆ ಇದೆಯೇ ಎಂದು ಕೂತು ನೋಡಬೇಕು. ಬೇಸರದ ಕೆಲಸ, ಆದರೆ ಒಂದೇ ಪ್ಲಾಟು ಇಬ್ಬರಿಗೆ ಮಾರಾಟವಾಗಿದ್ದರೆ ಹೊರಬೀಳುವುದು ಇಲ್ಲೇ.

ಒಂದು ಇಸಿ ಓದೋಣ

ಇದು ತಿಳಿಯಲೆಂದು ಹೆಣೆದ ಉದಾಹರಣೆ. ಪ್ಲಾಟ್ 86, 200 ಗಜ, 30×60, ಪೂರ್ವಕ್ಕೆ ರಸ್ತೆ. ಪಟ್ಟಿಯಲ್ಲಿ ನಾಲ್ಕು ಸಾಲು. 1991ರಲ್ಲಿ ಜಿಪಿಎ ಹೊಂದಿದವರು ಮೊದಲ ಖರೀದಿದಾರರಿಗೆ ಮಾರಿದ್ದಾರೆ. 2006ರಲ್ಲಿ ಅವರು ಎರಡನೆಯವರಿಗೆ ಮಾರಿದ್ದಾರೆ. 2013ರಲ್ಲಿ ಬ್ಯಾಂಕಿಗೆ ಅಡಮಾನ. 2019ರಲ್ಲಿ ಈಗ ಮಾರುತ್ತಿರುವವರ ಹೆಸರಿಗೆ ಕ್ರಯ.

ಜಿಪಿಎ ಅಂದರೆ ಜಮೀನಿನ ಮಾಲೀಕ ಇನ್ನೊಬ್ಬರಿಗೆ ಕೊಟ್ಟ ಅಧಿಕಾರಪತ್ರ. ಅದು ಮಾಲೀಕತ್ವವಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಹೇಳಿದೆ. ಆದರೆ ಜಿಪಿಎ ಹೊಂದಿದವರು ಮಾಲೀಕರ ಪರವಾಗಿ ಕ್ರಯಪತ್ರ ನೋಂದಾಯಿಸಿದ್ದರೆ ಅದು ನಡೆಯುತ್ತದೆ. ಹಾಗಾಗಿ ಆ ಜಿಪಿಎ ಪ್ರತಿ ಕೇಳಿ. ಪ್ಲಾಟ್ ಮಾರುವ ಅಧಿಕಾರ ಅದರಲ್ಲಿದೆಯೇ, 1991ರ ಆ ದಿನ ಮಾಲೀಕರು ಬದುಕಿದ್ದರೇ? ಮಾಲೀಕರು ತೀರಿಕೊಂಡರೆ ಸಾಮಾನ್ಯ ಜಿಪಿಎ ಅಲ್ಲಿಗೆ ಮುಗಿಯುತ್ತದೆ, ಆಮೇಲೆ ವಾರಸುದಾರರು ತಕರಾರು ತೆಗೆಯಬಹುದು.

2013ರ ಅಡಮಾನಕ್ಕೆ ಎದುರಾಗಿ ಬಿಡುಗಡೆ ಪತ್ರದ ಸಾಲಿಲ್ಲ. ಸಾಲ ತೀರಿರಬಹುದು, ರಿಲೀಸ್ ಡೀಡ್ ನೋಂದಾಯಿಸಲು ಮರೆತಿರಬಹುದು. "ತೀರಿಸೇವಿ" ಎಂಬ ಮಾತು ಸಾಲದು. ಬ್ಯಾಂಕಿನ ನೋ ಡ್ಯೂ ಪತ್ರ ತಂದು, ಬಿಡುಗಡೆ ನೋಂದಾಯಿಸಿ, ಅದು ಇಸಿಯಲ್ಲಿ ಬಂದ ಮೇಲೆ ಮುಂದಿನ ಮಾತು.

ಈಗ ಹಳೆಯ ಕ್ರಯಪತ್ರಗಳನ್ನು, ಅಂದರೆ ಲಿಂಕ್ ಡಾಕ್ಯುಮೆಂಟುಗಳನ್ನು, ಪಕ್ಕಪಕ್ಕ ಇಟ್ಟು ಚಕ್ಕುಬಂದಿ ಓದಿ. 1991ರದರಲ್ಲಿ ಪೂರ್ವಕ್ಕೆ '30 ಅಡಿ ರಸ್ತೆ'. 2019ರದರಲ್ಲಿ '20 ಅಡಿ ರಸ್ತೆ'. ಟೇಪ್ ಹಿಡಿದು ಜಾಗಕ್ಕೇ ಹೋಗಿ ಅಳೆಯಿರಿ. ನಿಜಕ್ಕೂ 20 ಅಡಿಯೇ ಇದ್ದರೆ ಪ್ಲಾಟಿನ ಲೆಕ್ಕವೇ ಬದಲಾಗುತ್ತದೆ.

ಎಲ್‌ಆರ್‌ಎಸ್ ಆಗಿದೆಯೇ?

ಎಚ್‌ಎಂಡಿಎ ಒಪ್ಪಿಗೆ ಇರುವ ಬಡಾವಣೆಯಾದರೆ ಲೇಔಟ್ ನಕ್ಷೆಯಲ್ಲಿ ನಿಮ್ಮ ಪ್ಲಾಟ್ ನಂಬರ್ ಇದ್ದರಾಯಿತು. ಇಲ್ಲಿನ ಹಳೆಯ ಬಡಾವಣೆಗಳಲ್ಲಿ ಒಪ್ಪಿಗೆ ಇಲ್ಲದವೂ ಇವೆ. ಅವನ್ನು ಸಕ್ರಮ ಮಾಡುವ ಯೋಜನೆಯೇ ಎಲ್‌ಆರ್‌ಎಸ್. 2020ರ ಆಗಸ್ಟ್ 26ರೊಳಗೆ ನೋಂದಣಿಯಾದ ಪ್ಲಾಟುಗಳಿಗೆ ಸಾವಿರ ರೂಪಾಯಿ ಕಟ್ಟಿ ಅರ್ಜಿ ಹಾಕಿಸಿದ್ದರು. ಆ ಸಾವಿರದ ರಸೀದಿಯನ್ನೇ 'ಎಲ್‌ಆರ್‌ಎಸ್ ಆಗಿದೆ' ಎಂದು ತೋರಿಸುವವರಿದ್ದಾರೆ. ನೀವು ಕೇಳಬೇಕಾದದ್ದು ಶುಲ್ಕ ಪೂರ್ತಿ ಕಟ್ಟಿದ ಮೇಲೆ ಬರುವ ಸಕ್ರಮ ಆದೇಶದ ಪ್ರತಿ.

ಈ ಯೋಜನೆ ಸಾಮಾನ್ಯವಾಗಿ 9 ಮೀಟರ್, ಅಂದರೆ 30 ಅಡಿ ರಸ್ತೆ ಬೇಡುತ್ತದೆ. ಕಡಿಮೆ ಇದ್ದರೆ ಎರಡೂ ಬದಿಯವರು ಜಾಗ ಬಿಡಬೇಕು. ನಮ್ಮ ಉದಾಹರಣೆಯಲ್ಲಿ 10 ಅಡಿ ಕೊರತೆ, ನಿಮ್ಮ ಪಾಲಿಗೆ 5 ಅಡಿ. ಮುಂಭಾಗ 30 ಅಡಿ, ಹಾಗಾಗಿ 150 ಚದರಡಿ ಹೋಯಿತು, ಸುಮಾರು 17 ಗಜ. ದುಡ್ಡು ಕೊಡುವುದು 200 ಗಜಕ್ಕೆ, ಮನೆಗೆ ಸಿಗುವುದು 183. ಬೆಲೆ ಮಾತಾಡುವಾಗ ಇದನ್ನು ಮುಂದಿಡಿ.

ಇಸಿ ಹೇಳದ ಸಂಗತಿ

ಜಮೀನು ಮೂಲತಃ ಯಾರದು ಎಂದು ಇಸಿ ಹೇಳುವುದಿಲ್ಲ. ಸರ್ಕಾರಿ ಜಾಗಕ್ಕೂ ಚೊಕ್ಕ ಇಸಿ ಬರಬಹುದು. ನೋಂದಣಿ ಇಲಾಖೆಯ ಅದೇ ತಾಣದಲ್ಲಿ ನಿಷೇಧಿತ ಆಸ್ತಿಗಳ ಪಟ್ಟಿ ಇದೆ, ನೋಂದಣಿ ಕಾಯ್ದೆಯ 22-ಎ ಕಲಮಿನದು. ಗ್ರಾಮ, ಸರ್ವೆ ನಂಬರ್ ಹಾಕಿ ನೋಡಿ. ಇನ್ನೂ ಆಳಕ್ಕೆ ಹೋಗುವುದಾದರೆ 1954-55ರ ಖಾಸ್ರಾ ಪಹಣಿ ತೆಗೆಸಿ. ಬೀದರ್, ಕಲಬುರಗಿಯ ಹಿರಿಯರಿಗೆ ಈ ಹೆಸರು ಹೊಸದಲ್ಲ, ಆಗ ಎಲ್ಲರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದೆವು. ಆ ಸರ್ವೆ ನಂಬರಿನ ಎದುರು 'ಸರ್ಕಾರಿ' ಎಂದಿದ್ದರೆ ವಕೀಲರಿಗೆ ತೋರಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹತ್ತಿರದಲ್ಲಿ ಕೆರೆ ಇದ್ದರೆ ಎಚ್‌ಎಂಡಿಎಯ lakes.hmda.gov.in ತಾಣದಲ್ಲಿ ನಕ್ಷೆ ನೋಡಿ. ಕೆರೆ ತುಂಬಿದಾಗ ನೀರು ನಿಲ್ಲುವ ಗಡಿಯಿಂದ ಆಚೆಗೂ 30 ಮೀಟರ್ ಕಟ್ಟುವಂತಿಲ್ಲ. 10 ಹೆಕ್ಟೇರಿಗಿಂತ ಚಿಕ್ಕ ಕೆರೆಗೆ ಅದು 9 ಮೀಟರ್.

ಖರ್ಚು, ಕೊನೆಯ ಹೆಜ್ಜೆ

2021ರ ಜುಲೈಯಿಂದ ಮುದ್ರಾಂಕ, ವರ್ಗಾವಣೆ ಮತ್ತು ನೋಂದಣಿ ಶುಲ್ಕ ಸೇರಿ ಶೇ 7.5. ಒಂದು ಕೋಟಿಗೆ ಏಳೂವರೆ ಲಕ್ಷ. ವಕೀಲರ ಶುಲ್ಕ ಬೇರೆ. ವಕೀಲರನ್ನು ನೀವೇ ಹುಡುಕಿಕೊಳ್ಳಿ. ವ್ಯಾಪಾರ ಕುದುರಿದರೆ ಮಾತ್ರ ನಮಗೆ ಕಮಿಷನ್, ಆದ್ದರಿಂದ ನಾವು ತೋರಿಸುವ ವಕೀಲರೂ ಬೇಡ.

ಮುಂಗಡ ಕೊಟ್ಟ ದಿನಕ್ಕೂ ನೋಂದಣಿಗೂ ನಡುವೆ ವಾರಗಳೇ ಕಳೆಯುತ್ತವೆ. ಆ ನಡುವೆ ಹೊಸ ಅಡಮಾನವೋ ಮಾರಾಟವೋ ನಡೆದಿರಬಹುದು. ನೋಂದಣಿಗೆ ಹೊರಡುವ ಬೆಳಿಗ್ಗೆ, ಬ್ಯಾಂಕ್ ಚೆಕ್ಕು ಕೈಯಿಂದ ಕೊಡುವ ಮೊದಲು, ಇಸಿ ಇನ್ನೊಮ್ಮೆ ತೆಗೆಯಿರಿ.