ನಡುಗಡಲಲ್ಲಿ ಹತ್ತಿಸಿಕೊಂಡವರ ಹೊಣೆ ಯಾರದು?

2009ರ ಮೇ 6ರಂದು ಇಟಲಿಯ ಲ್ಯಾಂಪೆಡೂಸ ದ್ವೀಪದಿಂದ 35 ನಾಟಿಕಲ್ ಮೈಲಿ ದಕ್ಷಿಣಕ್ಕೆ, ಲಿಬಿಯಾದಿಂದ ಹೊರಟಿದ್ದ ಮೂರು ದೋಣಿಗಳು ಇಟಲಿಯ ಕಾವಲು ಹಡಗುಗಳ ಕಣ್ಣಿಗೆ ಬಿದ್ದವು. ದೋಣಿಗಳಲ್ಲಿ ಸುಮಾರು 200 ಜನರಿದ್ದರು. ಅವರನ್ನು ಇಟಲಿಯ ಸೇನಾ ಹಡಗುಗಳಿಗೆ ಹತ್ತಿಸಿಕೊಳ್ಳಲಾಯಿತು. ಎಲ್ಲಿಗೆ ಹೋಗುತ್ತಿದ್ದೇವೆಂದು ಯಾರೂ ಹೇಳಲಿಲ್ಲ, ಹೆಸರು ಊರು ಕೇಳಲಿಲ್ಲ, ಇದ್ದ ಕಾಗದಪತ್ರವನ್ನೂ ಕಿತ್ತುಕೊಂಡರು ಎಂದು ಆಮೇಲೆ ಅವರು ನ್ಯಾಯಾಲಯಕ್ಕೆ ಹೇಳಿದರು. ಹತ್ತು ಗಂಟೆ ಸಾಗಿದ ಹಡಗುಗಳು ನಿಂತದ್ದು ಟ್ರಿಪೋಲಿಯಲ್ಲಿ. ಅಲ್ಲಿ ಎಲ್ಲರನ್ನೂ ಲಿಬಿಯಾದ ಅಧಿಕಾರಿಗಳ ಕೈಗೆ ಒಪ್ಪಿಸಲಾಯಿತು.

ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಗೆ ನಿರಾಶ್ರಿತರನ್ನು ಮರಳಿ ಅಟ್ಟಬಾರದು ಎನ್ನುತ್ತದೆ 1951ರ ನಿರಾಶ್ರಿತರ ಒಪ್ಪಂದದ 33ನೇ ವಿಧಿ. ಕಾನೂನಿನ ಭಾಷೆಯಲ್ಲಿ ಇದೇ ನಾನ್-ರಿಫೂಲ್ಮೆಂಟ್. ಬಂದವರಿಗೆಲ್ಲ ನೆಲೆ ಕೊಡಿ ಎಂದು ಅದು ಹೇಳುವುದಿಲ್ಲ. ಸುರಕ್ಷಿತವಾದ ಮೂರನೇ ದೇಶಕ್ಕೆ ಕಳಿಸಿದರೆ ಈ ವಿಧಿ ಅಡ್ಡ ಬರುವುದಿಲ್ಲ. ದೇಶದ ಭದ್ರತೆಗೆ ಅಪಾಯಕಾರಿಯಾದವರಿಗೆ ಅದರ ರಕ್ಷಣೆಯೂ ಸಿಗದು. (ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ.) ಯುರೋಪಿನ ಮಾನವ ಹಕ್ಕುಗಳ ಒಪ್ಪಂದ ಇನ್ನೂ ಬಿಗಿ. ಚಿತ್ರಹಿಂಸೆಯ ಅಪಾಯವಿದ್ದಲ್ಲಿಗೆ ಎಂಥವರನ್ನೂ ಕಳಿಸುವಂತಿಲ್ಲ, ಅದಕ್ಕೆ ವಿನಾಯಿತಿಯೇ ಇಲ್ಲ.

ಟ್ರಿಪೋಲಿಯಲ್ಲಿ ಇಳಿಸಲ್ಪಟ್ಟವರಲ್ಲಿ 24 ಮಂದಿ ಈ ಒಪ್ಪಂದವನ್ನೇ ಹಿಡಿದು ಸ್ಟ್ರಾಸ್‌ಬರ್ಗ್‌ನ ನ್ಯಾಯಾಲಯಕ್ಕೆ ಹೋದರು. ಹನ್ನೊಂದು ಮಂದಿ ಸೊಮಾಲಿಯಾದವರು, ಉಳಿದವರು ಎರಿಟ್ರಿಯಾದವರು. ನಮ್ಮ ನೆಲಕ್ಕೆ ಅವರು ಕಾಲಿಟ್ಟೇ ಇಲ್ಲ, ಆಶ್ರಯವನ್ನೂ ಕೇಳಲಿಲ್ಲ, ನಾವು ಮಾಡಿದ್ದು ಬರೀ ರಕ್ಷಣಾ ಕಾರ್ಯ ಎಂದಿತು ಇಟಲಿ. ಕೇಳುವುದಕ್ಕೆ ನ್ಯಾಯವೆನಿಸುವ ವಾದವೇ. 1993ರಲ್ಲಿ ಹೈಟಿಯ ದೋಣಿಗಳ ವಿಚಾರದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, 33ನೇ ವಿಧಿ ನಡುಗಡಲಿಗೆ ಅನ್ವಯಿಸದು ಎಂದೇ ತೀರ್ಪು ಕೊಟ್ಟಿತ್ತು.

ಸ್ಟ್ರಾಸ್‌ಬರ್ಗ್ ಹಾಗೆ ನೋಡಲಿಲ್ಲ. ಹಡಗು ಇಟಲಿಯದು, ಸಿಬ್ಬಂದಿ ಇಟಲಿಯವರು. ಹತ್ತಿದ ಕ್ಷಣದಿಂದ ಆ ಜನ ಇಟಲಿಯ ಹಿಡಿತದಲ್ಲಿದ್ದರು, ಆದ್ದರಿಂದ ಹೊಣೆಯೂ ಅದರದೇ ಎಂದು 2012ರ ಫೆಬ್ರವರಿಯಲ್ಲಿ ಒಮ್ಮತದ ತೀರ್ಪು ಬಂತು. ಅವರು ಬಾಯಿಬಿಟ್ಟು ಆಶ್ರಯ ಕೇಳಬೇಕಿರಲಿಲ್ಲ. ಲಿಬಿಯಾದಲ್ಲಿ ವಲಸಿಗರ ಪಾಡೇನೆಂಬುದು ಗುಟ್ಟಾಗಿರಲಿಲ್ಲ, ವಿಚಾರಿಸಿಕೊಳ್ಳಬೇಕಾದದ್ದು ಇಟಲಿಯೇ. ಲಿಬಿಯಾ ಅವರನ್ನು ಸೊಮಾಲಿಯಾಕ್ಕೋ ಎರಿಟ್ರಿಯಾಕ್ಕೋ ದಾಟಿಸಬಹುದಾದ ಅಪಾಯವನ್ನೂ ನ್ಯಾಯಾಲಯ ಇಟಲಿಯ ಲೆಕ್ಕಕ್ಕೇ ಸೇರಿಸಿತು. ಒಬ್ಬೊಬ್ಬರ ಸ್ಥಿತಿಯನ್ನೂ ನೋಡದೆ ಗುಂಪಾಗಿ ಅಟ್ಟಿದ್ದು ಇನ್ನೊಂದು ತಪ್ಪಾಯಿತು. ಪರಿಹಾರ, ತಲಾ 15,000 ಯೂರೊ.

ತೀರ್ಪಿನ ಜೀವಾಳವೆಲ್ಲ ಆ ‘ಹಿಡಿತ’ದಲ್ಲಿದೆ, ಸರ್ಕಾರಗಳು ಸಂದು ಕಂಡುಕೊಂಡದ್ದೂ ಅಲ್ಲೇ. 2017ರಲ್ಲಿ ಇಟಲಿ ಲಿಬಿಯಾದ ಜೊತೆ ಹೊಸ ಒಡಂಬಡಿಕೆ ಮಾಡಿಕೊಂಡು, ಅದರ ಕರಾವಳಿ ಕಾವಲು ಪಡೆಗೆ ನೆರವು, ತರಬೇತಿ ಕೊಟ್ಟಿತು. ಈಗ ದೋಣಿ ತಡೆಯುವವರು ಲಿಬಿಯನ್ನರೇ. ಆ ವರ್ಷದ ನವೆಂಬರ್‌ನಲ್ಲಿ ಅಂಥದ್ದೊಂದು ಕಾರ್ಯಾಚರಣೆಯ ವೇಳೆ ಹಲವರು ಮುಳುಗಿ ಸತ್ತರು. ಬದುಕಿ ಉಳಿದವರು ಇಟಲಿಯ ವಿರುದ್ಧ ಸ್ಟ್ರಾಸ್‌ಬರ್ಗ್‌ಗೆ ಹೋದರು. ಹಡಗು, ಸಿಬ್ಬಂದಿ ಲಿಬಿಯಾದ ಹಿಡಿತದಲ್ಲಿದ್ದುದರಿಂದ ಇದು ಇಟಲಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2025ರಲ್ಲಿ ಅದೇ ನ್ಯಾಯಾಲಯ ಅರ್ಜಿಯನ್ನು ಬದಿಗಿಟ್ಟಿತು.